ಮೌಸ್ ಸೆನ್ಸ್, ಡಿಪಿಐ, ಒಂದು ಗೇಮ್‌ನ ಏಮ್ ಇನ್ನೊಂದಕ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೌಂಟರ್-ಸ್ಟ್ರೈಕ್ ಆಡುವವರು ವ್ಯಾಲರಂಟ್‌ಗೆ ಹೋದಾಗ, ವ್ಯಾಲರಂಟ್‌ನವರು ಎಪೆಕ್ಸ್ ಅಥವಾ ಓವರ್‌ವಾಚ್ ಹಾಕಿಕೊಂಡಾಗ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಪ್ರತಿ ಸಲ ಹೊಸದಾಗಿ ಟೈಪ್ ಮಾಡಿ ಸಾಕಾಯಿತು, ಅದಕ್ಕೆ ಒಂದೇ ಕಡೆ ಬರೆದಿಟ್ಟಿದ್ದೇನೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಹಾಕಿದ್ದೇನೆ. ಮೊದಲು ಸುಲಭದವು, ಹೋಗ್ತಾ ಹೋಗ್ತಾ ಲೆಕ್ಕ ಜಾಸ್ತಿ.

## ಶುರುವಿನವು

ಡಿಪಿಐ ಬೇರೆ, ಸೆನ್ಸ್ ಬೇರೆ ಯಾಕೆ? ಎರಡೂ ಸ್ಪೀಡೇ ತಾನೇ?

ಕೈಗೆ ಎರಡೂ ಒಂದೇ ಥರ ಅನಿಸುತ್ತದೆ ನಿಜ, ಆದರೆ ಕೆಲಸ ಬೇರೆ ಬೇರೆ ಕಡೆ ನಡೆಯುತ್ತದೆ. ಡಿಪಿಐ ಮೌಸ್ ಒಳಗಿನ ಸಂಗತಿ. 800 ಡಿಪಿಐ ಅಂದರೆ ಮೌಸ್ ಒಂದು ಇಂಚು ಸರಿದಾಗ ಅದು ಕಂಪ್ಯೂಟರ್‌ಗೆ 800 ಸಲ "ಸರಿದೆ, ಸರಿದೆ" ಎಂದು ಹೇಳುತ್ತದೆ. ಹೀಗೆ ಹೇಳುವ ಒಂದೊಂದು ಸಲಕ್ಕೆ ಕೌಂಟ್ ಅನ್ನುತ್ತಾರೆ. ಎಷ್ಟು ಡಿಗ್ರಿ ತಿರುಗಬೇಕು, ಯಾವ ಗೇಮ್ ಓಡುತ್ತಿದೆ ಅನ್ನುವುದೆಲ್ಲ ಮೌಸ್‌ಗೆ ಗೊತ್ತಿಲ್ಲ.

ಸೆನ್ಸ್ ಗೇಮ್ ಒಳಗಿನದು. ಒಂದು ಕೌಂಟ್ ಬಂದರೆ ನಿಮ್ಮ ನೋಟವನ್ನು ಎಷ್ಟು ಡಿಗ್ರಿ ತಿರುಗಿಸಬೇಕು ಅಂತ ಗೇಮ್ ತೀರ್ಮಾನಿಸುವುದು ಇದರಿಂದ. ಕೌಂಟರ್-ಸ್ಟ್ರೈಕ್ 2 ರಲ್ಲಿ ಸೆನ್ಸ್ 1 ಇದ್ದರೆ ಒಂದು ಕೌಂಟ್‌ಗೆ 0.022 ಡಿಗ್ರಿ. ಸೆನ್ಸ್ 2 ಮಾಡಿದರೆ 0.044. ಅಷ್ಟೇ, ಸೀದಾ ಗುಣಾಕಾರ. ಹಾಗಾಗಿ ಡಿಪಿಐ ಎರಡು ಪಟ್ಟು ಮಾಡಿ ಸೆನ್ಸ್ ಅರ್ಧ ಮಾಡಿದರೆ ಕೈ ಸರಿಯುವ ದೂರ ಬದಲಾಗುವುದಿಲ್ಲ. 400 ಡಿಪಿಐ ಸೆನ್ಸ್ 2, 800 ಡಿಪಿಐ ಸೆನ್ಸ್ 1, 1600 ಡಿಪಿಐ ಸೆನ್ಸ್ 0.5 ಮೂರೂ ಒಂದೇ ವೇಗ.

ಹಾಗಾದ್ರೆ ಇಡಿಪಿಐ ಅಂದ್ರೆ ಏನು? ನಂದು 314 ಬರ್ತಿದೆ, ಫ್ರೆಂಡ್‌ದು 1000. ನಾನು ಅಷ್ಟು ಸ್ಲೋನಾ?

ಡಿಪಿಐಯನ್ನು ಸೆನ್ಸ್‌ನಿಂದ ಗುಣಿಸಿದರೆ ಬರುವುದೇ ಇಡಿಪಿಐ. ಒಂದೇ ಗೇಮ್ ಆಡುವ ಇಬ್ಬರನ್ನು ಹೋಲಿಸಲು ಚೆನ್ನಾಗಿದೆ. ಗೇಮ್ ಬೇರೆ ಆದ ತಕ್ಷಣ ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ಸೆನ್ಸ್ "1" ಅಂದರೆ ಎಷ್ಟು ಅನ್ನುವುದು ಒಂದೊಂದು ಗೇಮ್‌ನಲ್ಲಿ ಒಂದೊಂದು. ಈ ಪ್ರಶ್ನೆ ಕೇಳಿದವನು ವ್ಯಾಲರಂಟ್ ಆಡುತ್ತಿದ್ದ, ಅವನ ಫ್ರೆಂಡ್ ಕೌಂಟರ್-ಸ್ಟ್ರೈಕ್. ಲೆಕ್ಕ ಹಾಕಿ ನೋಡಿದರೆ ಇಬ್ಬರದೂ ಒಂದೇ ವೇಗ! ಒಂದು ವಾರ ಸುಮ್ನೆ ಜಗಳ ಆಡಿದ್ದರು.

ಎರಡು ಗೇಮ್‌ಗೂ ಒಪ್ಪುವ ಒಂದು ಅಳತೆ ಇಲ್ವಾ?

ಇದೆ. ಗೇಮ್‌ನಲ್ಲಿ ಪೂರ್ತಿ ಒಂದು ಸುತ್ತು, ಅಂದರೆ 360 ಡಿಗ್ರಿ ತಿರುಗಲು ಮೌಸ್ ಎಷ್ಟು ಸೆಂಟಿಮೀಟರ್ ಸರಿಯಬೇಕು ಅನ್ನುವುದು. ಇದು ನಿಮ್ಮ ಮೇಜಿನ ಮೇಲಿನ ದೂರ, ಸ್ಕೇಲ್ ಇಟ್ಟು ಅಳೆಯಬಹುದು, ಯಾವ ಗೇಮ್ ಆದರೂ ಸುಳ್ಳು ಹೇಳುವುದಿಲ್ಲ. ನಿಮ್ಮ ಸೆನ್ಸ್ ಎಷ್ಟು ಅಂತ ಯಾರಾದರೂ ಕೇಳಿದರೆ "41 ಸೆಂಟಿಮೀಟರ್" ಅಂತ ಹೇಳುವ ಅಭ್ಯಾಸ ಮಾಡಿಕೊಳ್ಳಿ. ಲೆಕ್ಕ ಇದು:

```
cm/360 = 914.4 / (yaw × sens × DPI)
```

914.4 ಎಲ್ಲಿಂದ ಬಂತು ಅಂದರೆ 360 ಡಿಗ್ರಿಯನ್ನು 2.54 ರಿಂದ ಗುಣಿಸಿದ್ದು, ಇಂಚನ್ನು ಸೆಂಟಿಮೀಟರ್ ಮಾಡಲು. yaw ಅಂದರೆ ಸೆನ್ಸ್ 1 ಇದ್ದಾಗ ಒಂದು ಕೌಂಟ್‌ಗೆ ಎಷ್ಟು ಡಿಗ್ರಿ ಅನ್ನುವ ಸಂಖ್ಯೆ. ಗೇಮ್‌ನಿಂದ ಗೇಮ್‌ಗೆ ಬದಲಾಗುವುದು ಇದೊಂದೇ, ಉಳಿದಿದ್ದೆಲ್ಲ ನಿಮ್ಮ ಕೈಯಲ್ಲಿದೆ.

ವಿಂಡೋಸ್‌ನಲ್ಲಿರೋ ಮೌಸ್ ಸ್ಪೀಡ್ ಮುಟ್ಟಬೇಕಾ?

ಕಚ್ಚಾ ಇನ್‌ಪುಟ್ ತೆಗೆದುಕೊಳ್ಳುವ ಗೇಮ್‌ಗಳಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಅವು ಮೌಸ್ ಕಳಿಸಿದ ಕೌಂಟ್‌ಗಳನ್ನು ನೇರವಾಗಿ ಓದುತ್ತವೆ. ಕೌಂಟರ್-ಸ್ಟ್ರೈಕ್ 2 ಹಾಗೇ. ಆದ್ದರಿಂದ 1600 ಡಿಪಿಐ ಹಾಕಿದ ಮೇಲೆ ಡೆಸ್ಕ್‌ಟಾಪ್‌ನಲ್ಲಿ ಬಾಣ ಹುಚ್ಚನ ಹಾಗೆ ಓಡಿದರೆ ವಿಂಡೋಸ್ ಸ್ಪೀಡ್ ಇಳಿಸಿಕೊಳ್ಳಿ, ಏಮ್ ಕೆಡುವುದಿಲ್ಲ.

Enhance pointer precision ಅನ್ನುವ ಟಿಕ್ ಮಾತ್ರ ತೆಗೆದುಬಿಡಿ. ಅದು ಕೈ ಎಷ್ಟು ಜೋರಾಗಿ ಹೋಯಿತು ಅನ್ನುವುದರ ಮೇಲೆ ದೂರವನ್ನೇ ಬದಲಿಸುತ್ತದೆ. ನಿಮ್ಮ ಗೇಮ್‌ಗೆ ಅದು ತಗಲುತ್ತಿದೆಯಾ ಅಂತ ಅನುಮಾನ ಇದ್ದರೆ ಹೀಗೆ ನೋಡಿ. ಪ್ಯಾಡ್ ಅಂಚಿಗೆ ಮೌಸ್ ತಾಗಿಸಿ ಇಡಿ, ಕ್ರಾಸ್‌ಹೇರನ್ನು ಗೋಡೆಯ ಒಂದು ಗುರುತಿನ ಮೇಲೆ ನಿಲ್ಲಿಸಿ. ಮೆಲ್ಲಗೆ ಬಲಕ್ಕೆ ಎಳೆಯಿರಿ, ರಪ್ಪಂತ ವಾಪಸ್ ಅದೇ ಅಂಚಿಗೆ ತನ್ನಿ. ಕ್ರಾಸ್‌ಹೇರ್ ಅದೇ ಗುರುತಿಗೆ ಬಂದು ನಿಂತರೆ ಸರಿ. ಗುರುತು ದಾಟಿ ದೂರ ಹೋದರೆ ಎಲ್ಲೋ ಆಕ್ಸಿಲರೇಷನ್ ಆನ್ ಇದೆ. ಅದು ಇರುವ ತನಕ ಕೆಳಗಿನ ಯಾವ ಲೆಕ್ಕವೂ ನಡೆಯುವುದಿಲ್ಲ.

## ಬದಲಿಸುವ ಲೆಕ್ಕ

ಸಿಎಸ್‌ನಲ್ಲಿ 800 ಡಿಪಿಐ, ಸೆನ್ಸ್ 1.25. ವ್ಯಾಲರಂಟ್‌ನಲ್ಲಿ ಎಷ್ಟು ಹಾಕಲಿ?

0.393. ಹೇಗೆ ಬಂತು ಅಂತ ಒಮ್ಮೆ ನೋಡಿಬಿಡಿ, ಮತ್ತೆ ಯಾರನ್ನೂ ಕೇಳುವ ಪ್ರಮೇಯ ಬರುವುದಿಲ್ಲ.

ಸಿಎಸ್‌ನ yaw 0.022. ನಿಮ್ಮ ಸೆನ್ಸ್ 1.25 ಆದ್ದರಿಂದ ಒಂದು ಕೌಂಟ್‌ಗೆ 0.0275 ಡಿಗ್ರಿ ತಿರುಗುತ್ತೀರಿ. 800 ಡಿಪಿಐ ಅಂದರೆ ಒಂದು ಇಂಚಿಗೆ 22 ಡಿಗ್ರಿ. 914.4 ಅನ್ನು 22 ರಿಂದ ಭಾಗಿಸಿ, 41.56 ಸೆಂಟಿಮೀಟರ್. ಇದು ನಿಮ್ಮ ಒಂದು ಸುತ್ತು.

ವ್ಯಾಲರಂಟ್‌ನ yaw 0.07. ಅಲ್ಲೂ ಒಂದು ಕೌಂಟ್‌ಗೆ 0.0275 ಡಿಗ್ರಿಯೇ ಬೇಕು ಅಂದರೆ 0.0275 ಅನ್ನು 0.07 ರಿಂದ ಭಾಗಿಸಬೇಕು, 0.3929 ಬರುತ್ತದೆ. ಎಲ್ಲರೂ ಹೇಳುವ "3.18 ರಿಂದ ಭಾಗಿಸು" ಅನ್ನುವ ಮಂತ್ರ ಇದೇನೇ. 0.07 ಅನ್ನು 0.022 ರಿಂದ ಭಾಗಿಸಿದರೆ 3.18. ವ್ಯಾಲರಂಟ್‌ನಿಂದ ಸಿಎಸ್‌ಗೆ ಬರುವಾಗ ಅದೇ 3.18 ರಿಂದ ಗುಣಿಸಿ.

0.3929 ಬದಲು 0.393 ಹಾಕಿದರೆ ಪೂರ್ತಿ ಸುತ್ತಿನಲ್ಲಿ ಬರುವ ವ್ಯತ್ಯಾಸ ಕೂದಲೆಳೆಯಷ್ಟು. ನಾಲ್ಕನೇ ಅಂಕೆಗೆ ತಲೆ ಕೆಡಿಸಿಕೊಳ್ಳುವವರನ್ನು ನೋಡಿದ್ದೇನೆ, ಅವರ ಪ್ಯಾಡ್ ಮೇಲಿನ ಧೂಳೇ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಮಾಡುತ್ತದೆ.

ಎಪೆಕ್ಸ್, ಓವರ್‌ವಾಚ್‌ಗೆ?

ಎಪೆಕ್ಸ್ ಸುಲಭ. ಅದು ಸೋರ್ಸ್ ಎಂಜಿನ್‌ನಿಂದ ಬಂದ ಗೇಮ್, yaw ಸಿಎಸ್‌ನದೇ 0.022. ಅದೇ ಮೌಸ್, ಅದೇ ಡಿಪಿಐ ಇದ್ದರೆ ಸಿಎಸ್‌ನ 1.25 ಅಲ್ಲೂ 1.25.

ಓವರ್‌ವಾಚ್ 2 ರಲ್ಲಿ yaw 0.0066, ಅಂದರೆ ತೀರಾ ಚಿಕ್ಕದು, ಅದಕ್ಕೇ ಅಲ್ಲಿನ ಸಂಖ್ಯೆಗಳು ದೊಡ್ಡವು. ಸಿಎಸ್ ಸೆನ್ಸನ್ನು 3.33 ರಿಂದ ಗುಣಿಸಿ. 1.25 ಕ್ಕೆ 4.17 ಆಗುತ್ತದೆ. ವ್ಯಾಲರಂಟ್‌ನಿಂದ ಓವರ್‌ವಾಚ್‌ಗೆ ನೇರ ಹೋಗಬೇಕಾದರೆ 0.07 ಅನ್ನು 0.0066 ರಿಂದ ಭಾಗಿಸಿ, 10.6 ಪಟ್ಟು. ಯಾವ ಜೋಡಿ ಆದರೂ ಸೂತ್ರ ಒಂದೇ: ಹಳೆ ಸೆನ್ಸ್ ಗುಣಿಸು ಹಳೆ yaw, ಭಾಗಿಸು ಹೊಸ yaw.

ಇದರ ಜೊತೆ ಡಿಪಿಐನೂ 1600 ಮಾಡ್ಕೋಬೇಕು ಅಂತಿದೀನಿ.

ಎರಡನ್ನೂ ಒಂದೇ ಏಟಿಗೆ ಮಾಡಬೇಡಿ. ಮೊದಲು ಗೇಮ್ ಬದಲಿಸಿ, ಆಮೇಲೆ ಡಿಪಿಐ. ವ್ಯಾಲರಂಟ್‌ನ 0.393 ಅನ್ನು 800 ರಿಂದ ಗುಣಿಸಿ 1600 ರಿಂದ ಭಾಗಿಸಿದರೆ 0.196. ಸುತ್ತು 41.65 ಸೆಂಟಿಮೀಟರ್ ಆಗುತ್ತದೆ, ಒಂದು ಮಿಲಿಮೀಟರ್ ವ್ಯತ್ಯಾಸ, ಬಿಟ್ಟುಬಿಡಿ.

ಲೆಕ್ಕ ಸರಿಯಾಗೇ ಹಾಕಿದೀನಿ, ಆದ್ರೂ ತುಂಬಾ ಫಾಸ್ಟ್ ಅನಿಸ್ತಿದೆ.

ಅನಿಸಿಕೆ ಬಿಡಿ, ಅಳೆಯಿರಿ. ಪ್ಯಾಡ್ ಮೇಲೆ ಸ್ಕೇಲ್ ಅಂಟಿಸಿ, ಪ್ರಾಕ್ಟೀಸ್ ಮ್ಯಾಪ್‌ನಲ್ಲಿ ಗೋಡೆಯ ಒಂದು ಚುಕ್ಕೆಗೆ ಕ್ರಾಸ್‌ಹೇರ್ ಇಟ್ಟು, ಮೌಸ್ ಎತ್ತದೆ ಒಂದೇ ಎಳೆತಕ್ಕೆ ಮತ್ತೆ ಅದೇ ಚುಕ್ಕೆಗೆ ಬನ್ನಿ. ಪ್ಯಾಡ್ ಚಿಕ್ಕದಿದ್ದರೆ ಒಂದು ಉಪಾಯ ಇದೆ. ತಾತ್ಕಾಲಿಕವಾಗಿ ಸೆನ್ಸನ್ನು ನಾಲ್ಕು ಪಟ್ಟು ಮಾಡಿ. ಸಿಎಸ್‌ನಲ್ಲಿ ಕನ್ಸೋಲ್ ತೆರೆದು:

```
sensitivity 5
```

ಈಗ ಒಂದು ಸುತ್ತು 10.4 ಸೆಂಟಿಮೀಟರ್‌ನಲ್ಲಿ ಮುಗಿಯಬೇಕು. ಸುತ್ತುವ ಮಧ್ಯೆ ಮೌಸ್ ಎತ್ತಿ ಇಟ್ಟರೆ ಅಳತೆ ಹಾಳು, ಅದಕ್ಕೇ ಈ ಕಷ್ಟ. ಅಳೆದ ಮೇಲೆ ಸೆನ್ಸ್ ವಾಪಸ್ 1.25 ಮಾಡಲು ಮರೆಯಬೇಡಿ.

ನನ್ನ ಕಸಿನ್ ಹೀಗೇ ಗೋಳಾಡಿದಾಗ ಅಳೆಯಲು ಹೇಳಿದೆ. 41.5 ಬರಬೇಕಾದ ಜಾಗದಲ್ಲಿ 27.7 ಬಂತು. 41.5 ಅನ್ನು 27.7 ರಿಂದ ಭಾಗಿಸಿದರೆ ಸರಿಯಾಗಿ 1.5. ಅಂದರೆ ಮೌಸ್ 800 ರಲ್ಲಿ ಇಲ್ಲ, 1200 ರಲ್ಲಿದೆ. ಚಕ್ರದ ಹಿಂದಿನ ಡಿಪಿಐ ಬಟನ್ ಯಾವಾಗಲೋ ಬೆರಳಿಗೆ ತಾಗಿ ಒಂದು ಮೆಟ್ಟಿಲು ಮೇಲೆ ಹೋಗಿತ್ತು. ತಪ್ಪು 1.5 ಅಥವಾ 2 ಪಟ್ಟು ಇದ್ದರೆ ಇಂಥದ್ದೇ ಕಾರಣ. 3.18 ಪಟ್ಟು ಇದ್ದರೆ ಲೆಕ್ಕ ಮಾಡುವುದನ್ನೇ ಮರೆತಿದ್ದೀರೋ, ಸುಮಾರು 10 ಪಟ್ಟು ಇದ್ದರೆ ಗುಣಿಸುವ ಕಡೆ ಭಾಗಿಸಿದ್ದೀರೋ, ಭಾಗಿಸುವ ಕಡೆ ಗುಣಿಸಿದ್ದೀರೋ ನೋಡಿ. ಎರಡು ಮೂರು ಪರ್ಸೆಂಟ್ ಮಾತ್ರ ಆದರೆ ಅದು ಸೆನ್ಸರ್‌ನ ಸ್ವಭಾವ. ಡಬ್ಬದ ಮೇಲೆ 800 ಅಂತ ಬರೆದ ಎರಡು ಮೌಸ್‌ಗಳು ಕರಾರುವಾಕ್ಕಾಗಿ ಒಂದೇ ಇರುವುದಿಲ್ಲ. ಹೊಸ ಮೌಸ್ ಕೊಂಡಾಗ ಹಳೆ ಸೆನ್ಸ್ ಸ್ವಲ್ಪ ಆಚೀಚೆ ಅನಿಸುವುದು ಇದಕ್ಕೇ.

ನನ್ನ ಮೌಸ್ ಲೋಕಲ್, ಡಿಪಿಐ ಎಷ್ಟು ಅಂತ ಎಲ್ಲೂ ಬರೆದಿಲ್ಲ.

ಮೇಲಿನ ಅಳತೆಯನ್ನೇ ತಿರುಗಿಸಿ. ಸಿಎಸ್‌ನಲ್ಲಿ ಸೆನ್ಸ್ 1 ಇಟ್ಟು ಒಂದು ಸುತ್ತು ಅಳೆದರೆ 41.6 ಸೆಂಟಿಮೀಟರ್ ಬಂತು ಅಂತಿಟ್ಟುಕೊಳ್ಳಿ. 914.4 ಅನ್ನು 0.022 ಗುಣಿಸು 41.6 ರಿಂದ ಭಾಗಿಸಿದರೆ 999. ಅಲ್ಲಿಗೆ ನಿಮ್ಮ ಮೌಸ್ 1000 ಡಿಪಿಐ. ಆಫೀಸ್ ಮೌಸ್‌ಗಳು ಸಾಮಾನ್ಯವಾಗಿ ಇದರ ಆಸುಪಾಸಿನಲ್ಲೇ ಇರುತ್ತವೆ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ, ಒಂದೇ ಸಲಕ್ಕೆ ನಂಬಬೇಡಿ.

ಮೌಸನ್ನು ತಾನಾಗಿ ಸರಿಸಿ ಅಳೆಯುವ ಸ್ಕ್ರಿಪ್ಟ್‌ಗಳು ಸಿಗುತ್ತವೆ. ವ್ಯಾಲರಂಟ್ ಥರದ ಗೇಮ್ ತೆರೆದಿಟ್ಟು ಅವನ್ನು ಓಡಿಸಲು ಹೋಗಬೇಡಿ. ಚೀಟ್ ಹಿಡಿಯುವ ಸಾಫ್ಟ್‌ವೇರ್‌ಗೆ ನಿಮ್ಮ ಒಳ್ಳೆ ಉದ್ದೇಶ ಗೊತ್ತಾಗುವುದಿಲ್ಲ. ಸ್ಕೇಲ್ ಸಾಕು.

ಪಬ್‌ಜಿ ಪಿಸಿಯಲ್ಲಿ 50 ಇದೆ. 25 ಮಾಡಿದ್ರೆ ಅರ್ಧ ಸ್ಪೀಡ್ ಆಗುತ್ತಲ್ವಾ?

ಆಗುವುದಿಲ್ಲ, ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆ ಸ್ಲೈಡರ್ ಸೀದಾ ಗುಣಾಕಾರದ್ದಲ್ಲ. ಸುಮಾರು 15 ಮೆಟ್ಟಿಲು ಇಳಿಸಿದರೆ ವೇಗ ಅರ್ಧ, 15 ಏರಿಸಿದರೆ ಎರಡು ಪಟ್ಟು. ಅಂದರೆ 50 ರ ಅರ್ಧ 35. ಡಿಪಿಐ 800 ರಿಂದ 1600 ಮಾಡಿದವರು ಇಲ್ಲಿ ಸ್ಲೈಡರ್ ಅರ್ಧ ಮಾಡಿ ಮೋಸ ಹೋಗುತ್ತಾರೆ. ಗೇಮ್‌ನ ಕಾನ್ಫಿಗ್ ಫೈಲಿನಲ್ಲಿ `LastConvertedSensitivity` ಅಂತ ಒಂದು ಸಾಲಿದೆ, ನಿಜವಾದ ಗುಣಕ ಅಲ್ಲಿ ಕಾಣುತ್ತದೆ, 50 ಕ್ಕೆ 0.02. ಗೊತ್ತಿಲ್ಲದ ಯಾವ ಗೇಮ್ ಆದರೂ ಮೊದಲು ಇದನ್ನು ಪರೀಕ್ಷಿಸಿ: ಸೆನ್ಸ್ ಎರಡು ಪಟ್ಟು ಮಾಡಿದಾಗ ಸುತ್ತಿನ ದೂರ ಅರ್ಧ ಆಗುತ್ತದೆಯಾ? ಆಗದಿದ್ದರೆ ಸೂತ್ರ ಬಿಟ್ಟು ಸ್ಕೇಲ್ ಹಿಡಿಯಿರಿ, ನಿಮ್ಮ ಸೆಂಟಿಮೀಟರ್ ಸಿಗುವ ತನಕ ಸ್ಲೈಡರ್ ಆಡಿಸಿ.

ಬಿಜಿಎಂಐ ಸೆನ್ಸ್ ಪಿಸಿಗೆ ಕನ್ವರ್ಟ್ ಆಗುತ್ತಾ?

ಇಲ್ಲ. ಅಲ್ಲಿ ಬೆರಳು ಗಾಜಿನ ಮೇಲೆ ಸರಿಯುತ್ತದೆ, ಮೌಸೂ ಇಲ್ಲ ಡಿಪಿಐಯೂ ಇಲ್ಲ. ಪಿಸಿಗೆ ಬಂದರೆ 40 ಸೆಂಟಿಮೀಟರ್ ಆಸುಪಾಸಿನಿಂದ ಹೊಸದಾಗಿ ಶುರು ಮಾಡಿ.

## ತಲೆ ತಿನ್ನುವವು

1600 ಡಿಪಿಐ ನಿಜವಾಗ್ಲೂ 400 ಕ್ಕಿಂತ ಚೆನ್ನಾಗಿರುತ್ತಾ, ವೇಗ ಒಂದೇ ಆದ್ರೂ?

ಸ್ವಲ್ಪ. ವೇಗ ಒಂದೇ ಆದರೂ ಹೆಜ್ಜೆಯ ಗಾತ್ರ ಬೇರೆ. ಸಿಎಸ್‌ನಲ್ಲಿ 400 ಡಿಪಿಐ ಸೆನ್ಸ್ 2 ಇದ್ದಾಗ ಕ್ರಾಸ್‌ಹೇರ್ ಒಂದು ಸಲಕ್ಕೆ 0.044 ಡಿಗ್ರಿ ಜಿಗಿಯುತ್ತದೆ, 1600 ಡಿಪಿಐ ಸೆನ್ಸ್ 0.5 ರಲ್ಲಿ 0.011. ಈಗ ಪರದೆ ಕಡೆ ನೋಡಿ. 1920 ಪಿಕ್ಸೆಲ್ ಅಗಲದ ಸ್ಕ್ರೀನ್‌ನಲ್ಲಿ ಸಿಎಸ್ ಆಡುವಾಗ ನಡುವಿನ ಒಂದು ಪಿಕ್ಸೆಲ್ ಸುಮಾರು 0.08 ಡಿಗ್ರಿ. ಎರಡು ಹೆಜ್ಜೆಗಳೂ ಅದಕ್ಕಿಂತ ಚಿಕ್ಕವೇ, ಆದ್ದರಿಂದ "ಪಿಕ್ಸೆಲ್ ಸ್ಕಿಪ್" ಅಂತ ಹೆದರಬೇಕಿಲ್ಲ. ಅದೇ 400 ಡಿಪಿಐಯಲ್ಲಿ ಸೆನ್ಸ್ 4 ಇಟ್ಟವನ ಹೆಜ್ಜೆ 0.088, ಪಿಕ್ಸೆಲ್‌ಗಿಂತ ದೊಡ್ಡದು. ದೂರದ ತಲೆಯ ಮೇಲೆ ಕ್ರಾಸ್‌ಹೇರ್ ಕೂರಿಸುವಾಗ ಅವನಿಗೆ ಅದು ಟಕ್ ಟಕ್ ಅಂತ ಹಾರುತ್ತದೆ. ಅವನು ಡಿಪಿಐ ಏರಿಸಲೇಬೇಕು.

ಇನ್ನೊಂದು ಲಾಭ ಅಂದರೆ ಕೈ ಮೆಲ್ಲಗೆ ಅಲುಗಿದಾಗ ಮೊದಲ ಕೌಂಟ್ ಬೇಗ ಹೊರಡುತ್ತದೆ, ಚಲನೆ ಕೊಂಚ ಮೊದಲೇ ಶುರುವಾಗುತ್ತದೆ. ಹಾಗಂತ ಡಬ್ಬದ ಮೇಲಿರುವ ದೊಡ್ಡ ದೊಡ್ಡ ಸಂಖ್ಯೆಗಳಿಗೆ ಹೋಗುವುದರಲ್ಲಿ ಅರ್ಥ ಇಲ್ಲ. ಕೈ ನಡುಕವೂ ಕೌಂಟ್ ಆಗುತ್ತದೆ, ಅಗ್ಗದ ಮೌಸ್‌ಗಳಲ್ಲಿ ಮೇಲಿನ ಮೆಟ್ಟಿಲುಗಳು ಇರುವ ಕೌಂಟನ್ನೇ ಗುಣಿಸಿ ತೋರಿಸುತ್ತವೆ. 800 ಅಥವಾ 1600 ರಲ್ಲಿ ನಿಲ್ಲಿ.

ಸೆಂಟಿಮೀಟರ್ ಎರಡು ಗೇಮ್‌ನಲ್ಲೂ ಒಂದೇ ಬಂತು, ಆದ್ರೂ ಫೀಲ್ ಬೇರೆ. ಯಾಕೆ?

ಎಫ್‌ಒವಿ, ಅಂದರೆ ಸ್ಕ್ರೀನ್‌ಗೆ ಎಷ್ಟು ಅಗಲದ ನೋಟ ತುಂಬಿದ್ದಾರೆ ಅನ್ನುವುದು. 16:9 ಪರದೆಯಲ್ಲಿ ಸಿಎಸ್ ಸುಮಾರು 106 ಡಿಗ್ರಿ ತೋರಿಸುತ್ತದೆ, ವ್ಯಾಲರಂಟ್ 103. ನೋಟ ಕಿರಿದಾದರೆ ಎಲ್ಲವೂ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ, ಆಗ ಅದೇ ಒಂದು ಡಿಗ್ರಿ ತಿರುಗಿದರೂ ಪರದೆ ಮೇಲೆ ಚಿತ್ರ ಜಾಸ್ತಿ ದೂರ ಸರಿಯುತ್ತದೆ. ಕಣ್ಣಿಗೆ ಫಾಸ್ಟ್ ಅನಿಸುತ್ತದೆ. ಈ ಎರಡರ ನಡುವೆ ವ್ಯತ್ಯಾಸ ಸುಮಾರು 6 ಪರ್ಸೆಂಟ್.

ಪರದೆಯ ನಡುವಿನ ವೇಗವನ್ನೇ ಹೊಂದಿಸಬೇಕು ಅಂದರೆ ನಮ್ಮ 0.393 ಅನ್ನು 0.943 ರಿಂದ ಗುಣಿಸಿ 0.37 ಹಾಕಬಹುದು. ಆಗ ಸಣ್ಣ ಸಣ್ಣ ತಿದ್ದುವಿಕೆ ಎರಡರಲ್ಲೂ ಒಂದೇ ಥರ ಇರುತ್ತದೆ, ಆದರೆ ಬೆನ್ನ ಹಿಂದೆ ತಿರುಗಲು ವ್ಯಾಲರಂಟ್‌ನಲ್ಲಿ ಕೈ ಜಾಸ್ತಿ ಸರಿಯಬೇಕು. ಎರಡೂ ಒಟ್ಟಿಗೆ ಸಿಗುವುದಿಲ್ಲ, ಇದು ಯಾವ ಕ್ಯಾಲ್ಕುಲೇಟರ್‌ನಿಂದಲೂ ಆಗದ ಕೆಲಸ. ಇಷ್ಟು ಹತ್ತಿರದ ಎಫ್‌ಒವಿಗಳಿಗೆ ನಾನು ಸುತ್ತಿನ ದೂರವನ್ನೇ ಹೊಂದಿಸಿ ಸುಮ್ಮನಾಗುತ್ತೇನೆ.

4:3 ಸ್ಟ್ರೆಚ್ ಮಾಡಿದ್ರೆ ಸೆನ್ಸ್ ಜಾಸ್ತಿ ಆಗುತ್ತೆ ಅಂತಾರಲ್ಲ?

ಸಿಎಸ್‌ನಲ್ಲಿ ಸುತ್ತಿನ ದೂರ ಒಂದಿಷ್ಟೂ ಬದಲಾಗುವುದಿಲ್ಲ. 90 ಡಿಗ್ರಿಯ ನೋಟವನ್ನು ಅಡ್ಡಕ್ಕೆ ಹಿಗ್ಗಿಸಿ ಪರದೆ ತುಂಬಿದ್ದಾರೆ ಅಷ್ಟೇ, ಅದಕ್ಕೆ ಎದುರಾಳಿ ದಪ್ಪಗಾಗುತ್ತಾನೆ, ಅಡ್ಡ ಓಡುವಾಗ ಮೂರನೇ ಒಂದರಷ್ಟು ಜಾಸ್ತಿ ವೇಗವಾಗಿಯೂ ಕಾಣುತ್ತಾನೆ. ಮೇಲೆ ಕೆಳಗೆ ಮೊದಲಿನಂತೆಯೇ. ಸೆನ್ಸ್ ಮುಟ್ಟಬೇಡಿ.

ಸ್ಕೋಪ್ ಹಾಕಿದಾಗ ಏನು ಮಾಡೋದು? ಸಿಎಸ್‌ನ 0.82 ಅನ್ನೇ ವ್ಯಾಲರಂಟ್‌ಗೂ ಹಾಕಿದೀನಿ.

ಸ್ಕೋಪ್ ಸೆನ್ಸ್‌ನ ಸಂಖ್ಯೆಯನ್ನು ಹಾಗೆ ನಕಲು ಮಾಡುವುದು ತಪ್ಪು. ಆ 0.82 ಎಲ್ಲಿಂದ ಬಂತು ಅಂತ ನೋಡಿದರೆ ಯಾಕೆ ಅಂತ ತಿಳಿಯುತ್ತದೆ. ಸಿಎಸ್‌ನಲ್ಲಿ ಎಡಬ್ಲ್ಯುಪಿಯ ಮೊದಲ ಜೂಮ್ ನೋಟವನ್ನು 90 ರಿಂದ 40 ಡಿಗ್ರಿಗೆ ಇಳಿಸುತ್ತದೆ, ಇದು 4:3 ರ ಲೆಕ್ಕ. ಗೇಮ್ ನಿಮ್ಮ ವೇಗವನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತದೆ, 40 ಭಾಗಿಸು 90, ಅಂದರೆ 0.444. ಆದರೆ ಚಿತ್ರ ಹಿಗ್ಗುವುದು ಈ ಪ್ರಮಾಣದಲ್ಲಲ್ಲ, ಕೋನದ ಅರ್ಧದ ಟ್ಯಾಂಜೆಂಟ್ ಪ್ರಮಾಣದಲ್ಲಿ:

```
tan(20°) / tan(45°) = 0.364
0.364 / 0.444 = 0.82
```

ಅಂದರೆ ಗೇಮ್ ಇಳಿಸಿದ್ದು ಸಾಲದು, ಇನ್ನೊಂದಿಷ್ಟು ಇಳಿಸಿದರೆ ಮಾತ್ರ ಸ್ಕೋಪ್ ಒಳಗೂ ಹೊರಗೂ ಪರದೆಯ ನಡುವಿನ ವೇಗ ಒಂದೇ ಆಗುತ್ತದೆ. ಎರಡನೇ ಜೂಮ್ 10 ಡಿಗ್ರಿ, ಅದಕ್ಕೆ ಇದೇ ಲೆಕ್ಕ ಹಾಕಿದರೆ 0.79 ಬರುತ್ತದೆ. ಸೆಟ್ಟಿಂಗ್ ಇರುವುದು ಒಂದೇ, ಎರಡು ಜೂಮ್‌ಗೂ ಪೂರ್ತಿ ಹೊಂದುವುದಿಲ್ಲ. ಜಾಸ್ತಿ ಬಳಸುವುದು ಮೊದಲನೆಯದು ತಾನೇ, 0.82 ಇಡಿ.

ವ್ಯಾಲರಂಟ್‌ನ ಆಪರೇಟರ್ ಮೊದಲ ಜೂಮ್ 2.5 ಪಟ್ಟು, ಶುರುವಿನ ನೋಟ 103. ಅದೇ ದಾರಿಯಲ್ಲಿ ಹೋದರೆ ಅಲ್ಲಿ ಸಿಗುವ ಸಂಖ್ಯೆ 0.747. ಓವರ್‌ವಾಚ್‌ನ ವಿಡೋಮೇಕರ್‌ಗೆ 38 ರ ಹತ್ತಿರ, ಯಾಕೆಂದರೆ ಅಲ್ಲಿ ಗೇಮ್ ತಾನಾಗಿ ಏನೂ ಇಳಿಸುವುದಿಲ್ಲ, ಸ್ಲೈಡರ್‌ನಲ್ಲಿರುವುದೇ ಮಾಮೂಲಿ ವೇಗದ ನೇರ ಪರ್ಸೆಂಟ್. 0.82, 0.747, 38 ಮೂರೂ ಹೇಳುವುದು ಒಂದೇ ಮಾತು.

ಸಿಎಸ್‌ನಲ್ಲಿ ಸ್ಕೋಪ್ ಸಂಖ್ಯೆ 1 ರಲ್ಲೇ ಬಿಟ್ಟು ವರ್ಷಗಟ್ಟಲೆ ಆಡಿ ಕೈ ಪಳಗಿದ್ದರೆ ಅದನ್ನು 0.82 ಮಾಡಲು ಹೋಗಬೇಡಿ. ವ್ಯಾಲರಂಟ್‌ನಲ್ಲಿ 0.747 ಅನ್ನು 0.82 ರಿಂದ ಭಾಗಿಸಿ 0.91 ಹಾಕಿ. ನಿಮ್ಮ ಹಳೇ ಸ್ಕೋಪ್ ಕೈಗೆ ಹಾಗೇ ಸಿಗುತ್ತದೆ.